ಮೂರು ಕವರು, ಮೂರು ಬಗೆಯ ಎಲ್-1: ಅಂಗಳದ ಮಾಡಿನ ಲೆಕ್ಕ

*"ನಮ್ಮ ಸೊಸೈಟಿಯ ಅಡಿಕೆ ಅಂಗಳಕ್ಕೆ ಮಾಡು ಹಾಕಿಸಲು ಮೂರು ಕವರು ಬಂದಿವೆ. ಕಾರ್ಯದರ್ಶಿ ಮಾಡಿದ ತಖ್ತೆಯಲ್ಲಿ ಶಿರಸಿಯವರು 6,22,000ಕ್ಕೆ ಎಲ್ಲರಿಗಿಂತ ಕಡಿಮೆ, ಅಂದರೆ ಎಲ್-1. ಆದರೆ ಒಬ್ಬರು ಜಿಎಸ್‌ಟಿ ಪ್ರತ್ಯೇಕ ಅಂದಿದ್ದಾರೆ, ಒಬ್ಬರು ಸೇರಿ ಅಂದಿದ್ದಾರೆ, ಒಬ್ಬರು ಏನೂ ಬರೆದಿಲ್ಲ. ತಖ್ತೆ, ಕವರಿನ ಫೋಟೊ ಎಲ್ಲ ಹಾಕಿದ್ದೇನೆ. ಶನಿವಾರ ಮೀಟಿಂಗು. ಯಾರು ಎಲ್-1?"*

ಹೆಗಡೇರೇ, ಕಾರವಾರದಲ್ಲಿ ಲೆಕ್ಕಪತ್ರ ಶಾಖೆಯಲ್ಲಿ ಇಂಥ ತಖ್ತೆ ನೋಡಿಯೇ ನೌಕರಿ ಮುಗಿಸಿದವನು ನಾನು. ನಿಮ್ಮ ಫೋಟೊಗಳನ್ನು ಬೆಳಿಗ್ಗೆ ಕೂತು ಒಂದೊಂದಾಗಿ ನೋಡಿದೆ. ಶಿರಸಿಯವರು ಎಲ್-1 ಅಲ್ಲ. ಲೆಕ್ಕ ಸರಿಮಾಡಿದರೆ ಅವರು ಮೂರನೆಯವರಾಗುತ್ತಾರೆ. ಕಾರ್ಯದರ್ಶಿಯವರು ಬೇಕೆಂದು ಮಾಡಿದ್ದಲ್ಲ. ಮೂರು ಕವರಿನ ಕೊನೇ ಸಾಲನ್ನು ಹಾಗೇ ಎತ್ತಿ ಪಕ್ಕಪಕ್ಕ ಇಟ್ಟಿದ್ದಾರೆ, ಅಷ್ಟೆ.

ಮೊದಲು ಒಂದು ಕೆಲಸ ಮಾಡಿ. ಅವರು ಬರೆದ ಮೊತ್ತ ಯಾವುದನ್ನೂ ತಖ್ತೆಗೆ ಹಾಕಬೇಡಿ. ಪ್ರಮಾಣ ನಿಮ್ಮದು, ದರ ಅವರದು, ಗುಣಾಕಾರ ನಿಮ್ಮ ತಖ್ತೆಯೇ ಮಾಡಲಿ. ನಿಮ್ಮಲ್ಲಿ ಇರುವುದು ಮೂರೇ ಬಾಬು: ಪೈಪಿನ ಫ್ರೇಮು 2,400 ಕೆಜಿ, ಮೇಲಿನ ಶೀಟು 3,200 ಚದರಡಿ, ಕಂಬದ ಬುಡದ ಕಾಂಕ್ರೀಟು 24. ಶಿರಸಿಯವರ ದರ 118, 92, 1,850. ಗುಣಿಸಿ ಕೂಡಿದರೆ 6,22,000 ಸರಿಯಾಗಿಯೇ ಬರುತ್ತದೆ. ಹುಬ್ಬಳ್ಳಿಯವರದು 132, 106, 2,150. ಅದೂ 7,07,600, ಅವರು ಬರೆದಷ್ಟೇ.

ಕುಮಟೆಯವರದು ಬರುವುದಿಲ್ಲ. ಅವರ ದರ 128, 104, 2,400. ಶೀಟಿನ ಸಾಲು 3,200 ಗುಣಿಸು 104, ಅಂದರೆ 3,32,800 ಆಗಬೇಕು. ಅವರು ಬರೆದದ್ದು 3,23,800. ಮೂರು, ಎರಡು ಅದಲುಬದಲಾಗಿದೆ. ಹಾಗಾಗಿ ಒಟ್ಟು 6,97,600 ಆಗಬೇಕಾದಲ್ಲಿ 6,88,600 ಅಂತ ಬಂದಿದೆ. ವ್ಯತ್ಯಾಸ 9,000. ಎರಡು ಮೊತ್ತದ ವ್ಯತ್ಯಾಸ ಒಂಬತ್ತರಿಂದ ನಿಶ್ಶೇಷವಾಗಿ ಹೋದರೆ ಮೊದಲು ಅಂಕಿ ಅದಲುಬದಲಾಗಿದೆಯೋ ನೋಡು ಅಂತ ನನಗೆ ಹೇಳಿಕೊಟ್ಟವರು ನಮ್ಮ ಹಳೇ ಸೂಪರಿಂಟೆಂಡೆಂಟರು. ಕ್ಯಾಲ್ಕುಲೇಟರು ಮುಟ್ಟದ ಮನುಷ್ಯ ಅವರು.

ಇಂಥಲ್ಲಿ ದರವೇ ನಿಲ್ಲುತ್ತದೆ, ಮೊತ್ತ ಅಲ್ಲ. ಟೆಂಡರು ಕಾಗದಗಳಲ್ಲಿ ಸಾಮಾನ್ಯವಾಗಿ ಹಾಗೇ ಬರೆದಿರುತ್ತದೆ. (ಅಂಕಿಯಲ್ಲೊಂದು ಅಕ್ಷರದಲ್ಲೊಂದು ದರ ಇದ್ದರೆ ಮಾತ್ರ ಕೆಲವು ಕಾಗದ ಅಕ್ಷರದ್ದು ಅನ್ನುತ್ತವೆ, ಕೆಲವು ಎರಡರಲ್ಲಿ ಕಡಿಮೆಯದು ಅನ್ನುತ್ತವೆ. ನಿಮ್ಮ ನೋಟಿಸಿನಲ್ಲಿ ಏನಿದೆಯೋ ಅದು.) ತಿದ್ದಿದ ಮೊತ್ತ ಒಪ್ಪಿಗೆಯೇ ಎಂದು ಕುಮಟೆಯವರಿಂದ ಒಂದು ಸಾಲು ಬರೆಸಿಕೊಳ್ಳಿ. ಫೋನಿನಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ.

ಈಗ ತೆರಿಗೆ. ಶಿರಸಿಯವರು "ಜಿಎಸ್‌ಟಿ ಪ್ರತ್ಯೇಕ" ಎಂದು ಬರೆದು ಎಷ್ಟು ಅಂತ ಬರೆದಿಲ್ಲ. ಫ್ರೇಮು, ಶೀಟು ಕೂರಿಸಿ ಕೊಡುವ ಇಂಥ ಕೆಲಸಕ್ಕೆ ನೂರಕ್ಕೆ 18 ಹಾಕಿ. 6,22,000ಕ್ಕೆ 1,11,960. ಒಟ್ಟು 7,33,960.

ಹುಬ್ಬಳ್ಳಿಯವರದು ತೆರಿಗೆ ಸೇರಿ. ಆದರೆ ಅವರ ಎರಡನೇ ಪುಟ ನೋಡಿದಿರಾ? ಕೆಳಗಡೆ ಸಣ್ಣ ಅಕ್ಷರದಲ್ಲಿ "ಸಾಗಾಟ 18,000 ಪ್ರತ್ಯೇಕ" ಅಂತಿದೆ. ನಿಮ್ಮ ನೋಟಿಸಿನಲ್ಲಿ ಸ್ಥಳಕ್ಕೆ ತಲುಪಿಸಿ ಕೂರಿಸುವ ದರ ಕೇಳಿದ್ದೀರಿ. ಉಳಿದಿಬ್ಬರು ಹಾಗೇ ಕೊಟ್ಟಿದ್ದಾರೆ. ಕುಮಟೆಯವರಿಗೆ ದೇವಿಮನೆ ಘಟ್ಟ ಹತ್ತಿಸುವ ಖರ್ಚು ಇಲ್ಲವೇ? ಅದನ್ನು ಅವರು ದರದೊಳಗೇ ನುಂಗಿಕೊಂಡಿದ್ದಾರೆ. ಹಾಗಾಗಿ ಹುಬ್ಬಳ್ಳಿಯವರ ಮೊತ್ತಕ್ಕೆ ಈ 18,000 ಸೇರಲೇಬೇಕು. ಅದರ ಮೇಲೂ ತೆರಿಗೆ ಹಾಕಿದರೆ 21,240, ಒಟ್ಟು 7,28,840. ಹಾಕದಿದ್ದರೆ 7,25,600. ಎರಡು ರೀತಿಯಲ್ಲೂ ಅವರ ಸ್ಥಾನ ಬದಲಾಗುವುದಿಲ್ಲ, ಎರಡನ್ನೂ ಬರೆದಿಡಿ, ಮೀಟಿಂಗಿನಲ್ಲಿ ಇದಕ್ಕೆ ಅರ್ಧ ತಾಸು ಕಳೆಯಬೇಡಿ. ಹೀಗೆ ಷರತ್ತು ಹಾಕಿದ ಕವರನ್ನೇ ತಿರಸ್ಕರಿಸಬೇಕು ಅನ್ನುವವರೂ ಇದ್ದಾರೆ. ನಾನು ಖರ್ಚು ಸೇರಿಸಿ ಹೋಲಿಸುವ ಪಕ್ಷ. ನಮ್ಮ ಶಾಖೆಯಲ್ಲಿ ಇದರ ಬಗ್ಗೆ ಕೊನೆಯವರೆಗೂ ಒಮ್ಮತ ಇರಲಿಲ್ಲ.

ಕುಮಟೆಯವರು ಏನೂ ಬರೆದಿಲ್ಲ ಅಂದಿರಿ. ಬರೆದಿದ್ದಾರೆ. ಲೆಟರ್‌ಹೆಡ್ಡಿನ ಬುಡದಲ್ಲಿ ಕಾಂಪೋಸಿಷನ್ ಡೀಲರ್ ಎಂಬ ಸೀಲು ಇದೆ, ಫೋಟೊ ದೊಡ್ಡ ಮಾಡಿದರೆ ಕಾಣುತ್ತದೆ. ಸಣ್ಣ ವ್ಯಾಪಾರಿಗಳ ಈ ಕಾಂಪೋಸಿಷನ್ ಪದ್ಧತಿಯಲ್ಲಿ ಇರುವವರು ನಿಮ್ಮಿಂದ ಜಿಎಸ್‌ಟಿ ವಸೂಲು ಮಾಡುವ ಹಾಗೇ ಇಲ್ಲ. ಅವರ ತೆರಿಗೆ ಅವರ ಕಿಸೆಯಿಂದ. ಅಂದರೆ 6,97,600 ಅನ್ನುವುದೇ ಕೊನೇ ಮಾತು.

ಹಾಗಾದರೆ ನೀವು ಕೊಡಬೇಕಾದ ಹಣದ ಮೇಲೆ ಕುಮಟೆ ಮೊದಲು, ಹುಬ್ಬಳ್ಳಿ ಎರಡು, ಶಿರಸಿ ಮೂರು.

ಮೇಲೆ ಸಿದ್ದಾಪುರದ ಭಾವ "ತೆರಿಗೆ ಬಿಟ್ಟು ಮೂಲ ದರ ಮಾತ್ರ ಹೋಲಿಸಬೇಕು, ಜಿಎಸ್‌ಟಿ ಹೇಗೂ ವಾಪಸು ಸಿಗುತ್ತದೆ" ಅಂದಿದ್ದಾರೆ. ಅರ್ಧ ಸರಿ. ಕಟ್ಟಿದ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಎಂದು ಪಡೆಯುವವರಿಗೆ ಅದು ಖರ್ಚಲ್ಲ, ನಿಜ. ಹಾಗೆ ನೋಡಿದರೆ ಇದೇ ಮೂರು ಕವರಿನಲ್ಲಿ ಬೇರೆಯವರೇ ಗೆಲ್ಲುತ್ತಾರೆ. ಹುಬ್ಬಳ್ಳಿಯವರ 7,28,840ರಿಂದ ತೆರಿಗೆ ತೆಗೆದರೆ 6,17,661. ಶಿರಸಿಯವರದು 6,22,000. ಕುಮಟೆಯವರಲ್ಲಿ ತೆಗೆಯಲಿಕ್ಕೆ ತೆರಿಗೆಯೇ ಇಲ್ಲ, 6,97,600 ಹಾಗೇ ಉಳಿದು ಕೊನೆಗೆ ಹೋಗುತ್ತದೆ. (ಸೇರಿದ ತೆರಿಗೆ ತೆಗೆಯುವಾಗ 1.18ರಿಂದ ಭಾಗಿಸಬೇಕು ಭಾವ. ನೀವು 7,07,600ರಲ್ಲಿ ನೂರಕ್ಕೆ 18 ಕಳೆದು 5,80,232 ಅಂದಿದ್ದೀರಿ, ಬರಬೇಕಾದ್ದು 5,99,661. ಸಾಗಾಟವನ್ನೂ ಬಿಟ್ಟಿದ್ದೀರಿ.)

ಆದರೆ ನೆಲಕ್ಕೆ ಕಂಬ ನೆಟ್ಟು ಕಟ್ಟಿಸಿಕೊಳ್ಳುವ ಇಂಥ ಮಾಡಿಗೆ ಕ್ರೆಡಿಟ್ ಸಿಗುವುದು ಕಷ್ಟ. ಜಿಎಸ್‌ಟಿ ಕಾಯ್ದೆಯ 17(5)ನೇ ಕಲಂ ಸ್ವಂತಕ್ಕೆ ಕಟ್ಟಿಸಿಕೊಳ್ಳುವ ಸ್ಥಿರಾಸ್ತಿಗೆ ಕ್ರೆಡಿಟ್ ತಡೆಯುತ್ತದೆ. ಇದನ್ನು ಯಂತ್ರೋಪಕರಣ ಎಂದು ತೋರಿಸಬಹುದು ಅಂತ ವಾದಿಸುವವರು ಇರಬಹುದು. ಆ ಮಾತು ಸೊಸೈಟಿಯ ಆಡಿಟರ್ ಬಾಯಿಂದ, ಬರವಣಿಗೆಯಲ್ಲಿ ಬರಲಿ. ಅದಕ್ಕಿಂತ ಮುಖ್ಯ, ಹೋಲಿಕೆ ತೆರಿಗೆ ಸೇರಿಯೋ ಬಿಟ್ಟೋ ಎಂಬುದು ನೋಟಿಸಿನಲ್ಲೇ ಇರಬೇಕಿತ್ತು. ಕವರು ಒಡೆದ ಮೇಲೆ ಕ್ರಮ ಆರಿಸಿದರೆ ಗೆಲ್ಲುವವನನ್ನು ಆರಿಸಿದಂತೆಯೇ ಆಯಿತು. ನಿಮ್ಮ ನೋಟಿಸಿನ ಫೋಟೊದಲ್ಲಿ "ಎಲ್ಲ ತೆರಿಗೆ ಸೇರಿ ಸ್ಥಳಕ್ಕೆ ತಲುಪಿಸಿ" ಎಂಬ ಮಾತು ಇದೆ, ಪುಣ್ಯ. ಅದೇ ನಿಮ್ಮ ಆಧಾರ.

ಅಂಕೋಲೆಯ ಅಕ್ಕ ಟಿಡಿಎಸ್ ಕಳೆದು ನೋಡಿ ಅಂದಿದ್ದಾರೆ. ಬೇಡ. ಬಿಲ್ಲು ಕೊಡುವಾಗ ಹಿಡಿದುಕೊಳ್ಳುವ ಟಿಡಿಎಸ್ ಕೆಲಸ ಮಾಡಿದವರದೇ ತೆರಿಗೆ, ನೀವು ಅವರ ಪರವಾಗಿ ಕಟ್ಟುವುದು. ನಿಮ್ಮ ಖರ್ಚು ಅದರಿಂದ ಒಂದು ರೂಪಾಯಿಯೂ ಇಳಿಯುವುದಿಲ್ಲ. ಅಕ್ಕ ಹೇಳಿದ ಅಡಿಕೆ ಸುಲಿಯುವ ಮಷಿನ್ನಿನ ಕತೆ ಮಾತ್ರ ಇಲ್ಲಿಗೂ ಹೊಂದುತ್ತದೆ. ಒಂದು ಕೊಟೇಶನ್ನಿನಲ್ಲಿ ಮೋಟಾರು ಸೇರಿತ್ತು, ಇನ್ನೊಂದರಲ್ಲಿ ಇರಲಿಲ್ಲ, ಅಗ್ಗ ಅಂತ ತಂದು ಆಮೇಲೆ ಮೋಟಾರಿಗೆ ಬೇರೆ ದುಡ್ಡು ಕೊಟ್ಟರಂತೆ. ನಿಮ್ಮ ಮೂವರೂ ಒಂದೇ ದಪ್ಪದ ಶೀಟಿಗೆ ದರ ಕೊಟ್ಟಿದ್ದಾರೆಯೇ ಎಂದು ನೋಡಿಕೊಳ್ಳಿ, ಅದು ಫೋಟೊದಲ್ಲಿ ನನಗೆ ಕಾಣಲಿಲ್ಲ.

ಇನ್ನು ತಖ್ತೆಯ ಒಳಗಿನ ಎರಡು ದೋಷ. ಪ್ರಮಾಣ C ಕಾಲಮ್ಮಿನಲ್ಲಿ, ಮೂವರ ದರ D, E, Fನಲ್ಲಿ, 4ರಿಂದ 6ನೇ ಸಾಲು ಅಂತ ಇಟ್ಟುಕೊಂಡರೆ ಇಷ್ಟು ಸಾಕು. ಕೊನೇ ಮೊತ್ತ 12ನೇ ಸಾಲಿನಲ್ಲಿ ಬರಲಿ:

```
=SUMPRODUCT($C$4:$C$6,D4:D6)
=ISNUMBER(D6)
=RANK(D12,$D$12:$F$12,1)
```

ಮೂರನೇ ಸೂತ್ರದ ಕೊನೆಯ 1 ನಿಮ್ಮ ತಖ್ತೆಯಲ್ಲಿ ಇಲ್ಲ. ಅದು ಇಲ್ಲದಿದ್ದರೆ ಎಕ್ಸೆಲ್ ದೊಡ್ಡ ಮೊತ್ತಕ್ಕೆ ಮೊದಲ ಸ್ಥಾನ ಕೊಡುತ್ತದೆ. ನಿಮ್ಮವರು ಸೂತ್ರ ಹಾಕಿ, ಉಲ್ಟಾ ಬಂದದ್ದು ನೋಡಿ, ಮೇಲೆ ಕೈಯಲ್ಲೇ 1, 2, 3 ಬರೆದಿದ್ದಾರೆ ಅಂತ ಕಾಣುತ್ತದೆ. ಕೈಯಲ್ಲಿ ಬರೆದ ಸ್ಥಾನ ದರ ತಿದ್ದಿದರೂ ಅಲುಗುವುದಿಲ್ಲ.

ಎರಡನೆಯದು ನನ್ನದೇ ತಪ್ಪಿನಿಂದ ಕಲಿತದ್ದು. ನಾನಿದ್ದ ಒಂದು ಕಚೇರಿಯಲ್ಲಿ ಕಾಂಪೌಂಡ್ ಗೋಡೆಯ ತಖ್ತೆ ಮಾಡುವಾಗ ಒಬ್ಬರ ಒಂದು ಬಾಬಿನ ಮೊತ್ತದ ಹಿಂದೆ ಅಭ್ಯಾಸಬಲದಿಂದ "/-" ಹಾಕಿದ್ದೆ. ಎಕ್ಸೆಲ್ ಅದನ್ನು ಅಂಕಿ ಎಂದು ತಿಳಿಯಲೇ ಇಲ್ಲ. ಒಟ್ಟು ಮಾಡುವಾಗ ಆ ಸಾಲು ಬಿಟ್ಟು ಕೂಡಿತು, ಆತ ಎಲ್-1 ಆಗಿ ಕುಳಿತ. ತಪ್ಪು ತೋರಿಸುವ ಸದ್ದೇ ಇಲ್ಲ ಅದಕ್ಕೆ. ಹಿಡಿದದ್ದು ಎರಡನೇ ಕವರಿನವರ ತಕರಾರು ಬಂದ ಮೇಲೆ, ಮುಖ ಎತ್ತಲಾಗಲಿಲ್ಲ. ಗುರುತು ಸುಲಭ: ಅಂಕಿ ಕೋಶದ ಬಲಕ್ಕೆ ಅಂಟಿಕೊಳ್ಳುತ್ತದೆ, ಅಕ್ಷರ ಎಡಕ್ಕೆ. ನಿಮ್ಮ ತಖ್ತೆಯಲ್ಲಿ ಶಿರಸಿಯವರ 1,850 ಎಡಕ್ಕೆ ನಿಂತಿದೆ ನೋಡಿ. ಎರಡನೇ ಸೂತ್ರ ಅಲ್ಲಿ ಹಾಕಿ, FALSE ಬಂದರೆ ಅಳಿಸಿ ಬರೇ ಅಂಕಿ ಟೈಪು ಮಾಡಿ. ಇಲ್ಲವಾದರೆ ಮೊದಲ ಸೂತ್ರ ಆ ಬಾಬನ್ನು ಸೊನ್ನೆ ಎಂದೇ ಹಿಡಿದು 44,400 ನುಂಗುತ್ತದೆ. ಶಿರಸಿಯವರ 7,33,960ರಲ್ಲಿ ತೆರಿಗೆ ಸಹಿತ 52,392 ಹೋದರೆ ಅವರು ಮತ್ತೆ ಎಲ್-1!

ಶನಿವಾರದ ಒಳಗೆ ಒಂದು ಕೆಲಸ ಬಾಕಿ ಇದೆ. ಸೀಲು ಯಾರು ಬೇಕಾದರೂ ಹೊಡೆಯಬಹುದು. ಜಿಎಸ್‌ಟಿ ಪೋರ್ಟಲ್ಲಿನ Search Taxpayer ಎಂಬಲ್ಲಿ ಕುಮಟೆಯವರ ಸಂಖ್ಯೆ ಹಾಕಿ, Taxpayer Type ಎದುರು ಏನಿದೆ ನೋಡಿ. Composition ಎಂದಿದ್ದರೆ ಮೇಲಿನ ಲೆಕ್ಕ ನಿಂತಿತು. Regular ಎಂದಿದ್ದರೆ ಅವರ 6,97,600 ತೆರಿಗೆ ಸೇರಿಯೋ ಸೇರದೆಯೋ ಎಂದು ಬರೆದು ಕೇಳಬೇಕು. ಸೇರಿಲ್ಲ ಎಂದರೆ 8,23,168 ಆಗಿ ಕೊನೆಗೆ ಹೋಗುತ್ತಾರೆ, ಹುಬ್ಬಳ್ಳಿಯವರು ಮೊದಲು ಬರುತ್ತಾರೆ. ಆ ಪುಟದ ಫೋಟೊ ಇಲ್ಲೇ ಹಾಕಿ. ನಾಳೆ ತೋಟದಲ್ಲಿ ಮದ್ದು ಹೊಡೆಯುವ ಕೆಲಸ ಇದೆ, ಸಂಜೆ ನೋಡುತ್ತೇನೆ.