ಬ್ಯಾಕಪ್ ಹೆಸರನ್ನು ಮೊದಲು ಬರೆಯಿರಿ

ಪ್ರಶ್ನೆ: ಕೊಡಗಿನಲ್ಲಿ ನಾವು ಒಂದಷ್ಟು ಜನ ಸೇರಿ ಮನಸ್ಸು ನೊಂದವರಿಗೆ ರಾತ್ರಿ ಸಹಾಯವಾಣಿ ನಡೆಸಬೇಕು ಅಂತಿದ್ದೇವೆ. ತರಬೇತಿ ಆದವರು 26 ಮಂದಿ, ಎಲ್ಲರೂ ವಾಲಂಟಿಯರ್‌ಗಳೇ. ರಾತ್ರಿ 9ರಿಂದ ಬೆಳಗ್ಗೆ 5ರವರೆಗೆ ಪ್ರತಿ ಗಂಟೆಗೂ ಇಬ್ಬರು ಕೇಳುಗರು, ಒಬ್ಬರು ಬ್ಯಾಕಪ್ ಇರೋ ಹಾಗೆ ಡ್ಯೂಟಿ ಪಟ್ಟಿ ಹೇಗೆ ಮಾಡೋದು?

ಉತ್ತರ:

26 ಜನರಲ್ಲಿ ಇಡೀ ರಾತ್ರಿ ಆಗಲ್ಲ. ನಾಲ್ಕು ಗಂಟೆ ಆಗುತ್ತೆ, ಅದೂ ಚೆನ್ನಾಗಿ ಆಗುತ್ತೆ. ಇಂಥದ್ದೇ ಒಂದು ಸಣ್ಣ ಸಹಾಯವಾಣಿಗೆ ನಾನು ಪಟ್ಟಿ ಹಾಕುತ್ತೇನೆ. ಎಷ್ಟು ಜನ ಇದ್ದಾರೆ ಅಂತ ಯಾವತ್ತೂ ಮೊದಲು ನೋಡಲ್ಲ. ಎಷ್ಟು ಕುರ್ಚಿ ತುಂಬಬೇಕು ಅಂತ ನೋಡುತ್ತೇನೆ.

ನಾಲ್ಕು ವಾರಕ್ಕೆ ಲೆಕ್ಕ ಹಾಕಿ. 28 ರಾತ್ರಿ. 9ರಿಂದ 5 ಅಂದರೆ ನಾಲ್ಕು ಗಂಟೆಯ ಎರಡು ಪಾಳಿ, ಪಾಳಿಗೆ ಇಬ್ಬರು. ಕೇಳುಗರ ಕುರ್ಚಿಯೇ 112 ಆಯಿತು. ಹಗಲು ಕೆಲಸ ಇರುವವರು ವಾರಕ್ಕೆ ಒಂದು ರಾತ್ರಿಗಿಂತ ಜಾಸ್ತಿ ಕೂರಬಾರದು. ಕೂತರೆ ಮೂರನೇ ತಿಂಗಳಿಗೆ ಒಬ್ಬೊಬ್ಬರಾಗಿ ಫೋನ್ ಎತ್ತೋದು ಬಿಡುತ್ತಾರೆ. ಆ ಒಂದು ರಾತ್ರಿಯಲ್ಲೂ ಐದರಲ್ಲೊಂದು ಪಾಲು ಜ್ವರ, ಮದುವೆ, ಮಕ್ಕಳ ಪರೀಕ್ಷೆ ಅಂತ ಹೋಗುತ್ತೆ ಅಂತಲೇ ಇಟ್ಟುಕೊಳ್ಳಿ. ಅಂದರೆ ಒಬ್ಬರಿಂದ ನಾಲ್ಕು ವಾರಕ್ಕೆ ಸಿಗೋದು ಮೂರು ಪಾಳಿ, ಸ್ವಲ್ಪ ಮೇಲೆ. 112 ಕುರ್ಚಿಗೆ ಕೇಳುಗರೇ 35 ಜನ ಬೇಕು. ಬ್ಯಾಕಪ್‌ನವರು ಅದರ ಮೇಲೆ.

ಈಗ ನಿಮ್ಮ 26 ಜನರನ್ನು ತೆಗೆದುಕೊಳ್ಳೋಣ. ಅನುಭವ ಇರುವ, ಗಾಬರಿ ಬೀಳದ 7 ಜನರನ್ನು ಬ್ಯಾಕಪ್‌ಗೆ ಅಂತಲೇ ತೆಗೆದಿಡಿ. ವಾರದ ಒಂದೊಂದು ದಿನ ಒಬ್ಬೊಬ್ಬರಿಗೆ, ಮಂಗಳವಾರದವರು ಯಾವಾಗಲೂ ಮಂಗಳವಾರವೇ. ಉಳಿದ 19 ಜನ ವಾರಕ್ಕೊಂದರಂತೆ ನಾಲ್ಕು ವಾರಕ್ಕೆ 76 ಪಾಳಿ. ಐದರಲ್ಲೊಂದು ಕಳೆದರೆ ಹತ್ತಿರ ಹತ್ತಿರ 61. ದಿನಕ್ಕೆ ಒಂದೇ ಪಾಳಿ, ಇಬ್ಬರು ಅಂದರೆ ಬೇಕಾಗಿದ್ದು 56. ಸರಿಹೋಯಿತು, ಐದು ಕೈಯಲ್ಲಿ ಉಳಿಯಿತು. ಯಾವ ನಾಲ್ಕು ಗಂಟೆ ಅನ್ನೋದನ್ನು ಮೀಟಿಂಗ್‌ನಲ್ಲಿ ಕೈ ಎತ್ತಿಸಿ ತೀರ್ಮಾನ ಮಾಡಬೇಡಿ. ನಂಬರ್ ಆನ್ ಮಾಡಿ ಸ್ವಲ್ಪ ದಿನ ಬಿಟ್ಟು, ಯಾವ ಗಂಟೆಯಲ್ಲಿ ಮಿಸ್ಡ್ ಕಾಲ್ ಜಾಸ್ತಿ ಅಂತ ನೋಡಿ. 10ರಿಂದ 2 ಅಂತ ಬಂತು ಅಂದುಕೊಳ್ಳೋಣ. ಉಳಿದ ಹೊತ್ತಿನಲ್ಲಿ ಕರೆ ಮಾಡಿದವರಿಗೆ ಕನ್ನಡದಲ್ಲಿ ರೆಕಾರ್ಡ್ ಮಾಡಿದ ಮಾತು ಕೇಳಿಸಲಿ: ನಾವು ಇಷ್ಟು ಹೊತ್ತಿಗೆ ಸಿಗುತ್ತೇವೆ, ಈಗಲೇ ಮಾತಾಡಬೇಕಾದರೆ ಟೆಲಿ ಮಾನಸ್ 14416. ಅದು ಸರ್ಕಾರದ್ದು, 24 ಗಂಟೆಯೂ ಇರುತ್ತೆ, ದುಡ್ಡಿಲ್ಲ.

ಇನ್ನು ಬ್ಯಾಕಪ್. ಜನ ಎಡವೋದು ಇಲ್ಲೇ. ಬ್ಯಾಕಪ್ ಅನ್ನೋ ಒಂದೇ ಹೆಸರಿನಲ್ಲಿ ಎರಡು ಬೇರೆ ಕೆಲಸ ಸೇರಿಕೊಂಡಿದೆ. ಬರಬೇಕಾದ ಕೇಳುಗರು ಬರದಿದ್ದರೆ ಅವರ ಜಾಗದಲ್ಲಿ ಕೂರೋದು ಒಂದು. ಕರೆ ಕೈಮೀರುವ ಹಾಗಿದ್ದಾಗ ಕೇಳುಗರಿಗೆ ಪಕ್ಕದಲ್ಲಿ ನಿಲ್ಲೋದು ಇನ್ನೊಂದು. ಯಾರೋ ಮಾತ್ರೆ ನುಂಗಿ ಫೋನ್ ಮಾಡಿದ್ದಾರೆ ಅಂದುಕೊಳ್ಳಿ. ಕೇಳುಗರು ಮಾತು ನಿಲ್ಲಿಸೋ ಹಾಗಿಲ್ಲ, ತುರ್ತು ನಂಬರ್ 112ಕ್ಕೆ ಫೋನ್ ಮಾಡೋದು ಬೇರೆಯವರೇ ಆಗಬೇಕು. ಆ ಬೇರೆಯವರು ಅದೇ ಹೊತ್ತಿಗೆ ಬದಲಿಯಾಗಿ ಇನ್ನೊಂದು ಕರೆಯಲ್ಲಿ ಕೂತಿದ್ದರೆ? ಪಟ್ಟಿಯಲ್ಲಿ ಬ್ಯಾಕಪ್ ಇದೆ, ನಿಜದಲ್ಲಿ ಇಲ್ಲ.

ಅದಕ್ಕೆ ಪಟ್ಟಿಯಲ್ಲಿ ನಾಲ್ಕು ಹೆಸರಿರಲಿ. ಇಬ್ಬರು ಕೇಳುಗರು, ಆ ದಿನದ ಬ್ಯಾಕಪ್, ಆಮೇಲೆ ಎರಡನೇ ಬ್ಯಾಕಪ್. ಎರಡನೆಯವರು ಎದ್ದು ಕೂರಬೇಕಿಲ್ಲ, ಫೋನ್ ಸೈಲೆಂಟ್ ಮಾಡದೆ ತಲೆ ಹತ್ತಿರ ಇಟ್ಟು ಮಲಗಿದರೆ ಸಾಕು. ಅದೇ 7 ಜನರಲ್ಲಿ ಒಬ್ಬರು, ಅವರ ಸ್ವಂತ ದಿನದಿಂದ ಎರಡು ಮೂರು ದಿನ ದೂರ ಇರೋ ಹಾಗೆ. ಮೊದಲನೇ ಬ್ಯಾಕಪ್ ಕುರ್ಚಿಯಲ್ಲಿ ಕೂತ ಕ್ಷಣವೇ ಎರಡನೆಯವರನ್ನು ಎಬ್ಬಿಸೋದು. "ನೋಡೋಣ, ಬೇಕಾದರೆ ಎಬ್ಬಿಸೋಣ" ಅನ್ನೋದು ಬೇಡ. ಪಟ್ಟಿ ಬರೆಯುವಾಗಲೂ ಈ ಎರಡು ಹೆಸರನ್ನು ಮೊದಲು ಬರೆಯಿರಿ. ಕೇಳುಗರನ್ನು ಆಮೇಲೆ ತುಂಬಿ. ಉಲ್ಟಾ ಮಾಡಿದರೆ ಉಳಿದ ಖಾಲಿ ಜಾಗಕ್ಕೆ ಸುಮ್ನೆ ಯಾರದೋ ಹೆಸರು ಬೀಳುತ್ತೆ.

ಕೇಳುಗರ ಜೋಡಿ ಮಾಡೋದು ನಮ್ಮ ಜಿಲ್ಲೆಯಲ್ಲಿ ಬೇರೆಯೇ ಲೆಕ್ಕ. ಬೆಂಗಳೂರಿನಲ್ಲಿ ಯಾರು ಯಾರ ಜೊತೆ ಕೂತರೂ ನಡೆಯುತ್ತೆ. ಇಲ್ಲಿ ಫೋನ್ ಮಾಡಿದವರ ದನಿ ಕೇಳಿದ ತಕ್ಷಣ "ಇವರು ನಮ್ಮ ಪಕ್ಕದ ತೋಟದವರಲ್ವಾ" ಅಂತ ಗೊತ್ತಾಗುತ್ತೆ. ಇಲ್ಲ, ಅವರಿಗೇ ನಿಮ್ಮ ದನಿ ಗೊತ್ತಾಗುತ್ತೆ. ಆಗ ಕರೆಯನ್ನು ಜೊತೆಯವರಿಗೆ ದಾಟಿಸಬೇಕು. ಆ ಜೊತೆಯವರೂ ಅದೇ ಊರು, ಅದೇ ಒಕ್ಕ ಆದರೆ ದಾಟಿಸಿ ಏನು ಪ್ರಯೋಜನ? ಒಬ್ಬರು ನಾಪೋಕ್ಲು ಕಡೆಯವರಾದರೆ ಇನ್ನೊಬ್ಬರು ಕುಶಾಲನಗರದವರಿರಲಿ. ಪೊನ್ನಂಪೇಟೆಗೆ ಸೋಮವಾರಪೇಟೆ. ಗಂಡ ಹೆಂಡತಿ ಒಟ್ಟಿಗೆ ಬೇಡವೇ ಬೇಡ, ಮನೆಯಲ್ಲಿ ಒಂದು ಮಗುವಿಗೆ ಜ್ವರ ಬಂದರೆ ಎರಡೂ ಕುರ್ಚಿ ಖಾಲಿ.

ಇದೇ ನಿಯಮ ಮಳೆಗಾಲದಲ್ಲೂ ಕಾಯುತ್ತೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮರ ಬಿದ್ದು ಕರೆಂಟ್ ಹೋಗೋದು, ಹಿಂದೆಯೇ ಟವರ್ ಸಾಯೋದು ನಿಮಗೆ ಹೇಳಬೇಕಿಲ್ಲ. ಭಾಗಮಂಡಲ, ನಾಪೋಕ್ಲು ಕಡೆ ಸುರಿಯುವಷ್ಟು ಮಳೆ ಕುಶಾಲನಗರದಲ್ಲಿ ಇರಲ್ಲ. ಬೇರೆ ಬೇರೆ ತಾಲೂಕಿನ ಜೋಡಿ ಅಂದರೆ ಬೇರೆ ಲೈನು, ಬೇರೆ ಟವರ್. ಇಬ್ಬರದೂ ಒಂದೇ ಕಂಪನಿಯ ಸಿಮ್ ಆಗದ ಹಾಗೆ ನೋಡಿಕೊಂಡರೆ ಇನ್ನೂ ಒಳ್ಳೇದು. ಎರಡನೇ ಬ್ಯಾಕಪ್ ಆ ನಾಲ್ಕು ತಿಂಗಳು ಜಿಲ್ಲೆಯ ಹೊರಗೇ ಇರಲಿ ಅಂತ ನನ್ನ ಹಟ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕೆಲಸಕ್ಕಿರುವ ನಮ್ಮವರು ಒಬ್ಬಿಬ್ಬರು ನಿಮ್ಮ 7ರಲ್ಲಿ ಇರಲೇಬೇಕು. ಇಡೀ ಜಿಲ್ಲೆ ಕತ್ತಲಾದ ರಾತ್ರಿ 14416ರ ರೆಕಾರ್ಡ್ ಹಾಕೋಕಾದರೂ ಒಬ್ಬರು ಬೇಕಲ್ಲ.

ಎಲ್ಲರೂ ಅವರವರ ಮನೆಯಲ್ಲೇ ಕೂರಲಿ. ಮಧ್ಯರಾತ್ರಿ 2 ಗಂಟೆಗೆ ಪಾಳಿ ಮುಗಿಸಿ ಸಿದ್ದಾಪುರದ ಕಡೆ ಸ್ಕೂಟರ್‌ನಲ್ಲಿ ಹೋಗಿ ಅಂತ ಯಾರಿಗೆ ಹೇಳೋದು, ಆನೆ ನಿಂತಿರುತ್ತೆ. ಆದರೆ ಬಾಗಿಲು ಹಾಕಿಕೊಳ್ಳುವ ಕೋಣೆ ಇಲ್ಲದವರನ್ನು ಕೇಳುಗರ ಪಟ್ಟಿಗೆ ಹಾಕಬೇಡಿ. ಕರೆ ಬರೋದು ಸಹಾಯವಾಣಿಯ ನಂಬರಿಗೆ, ಅಲ್ಲಿಂದ ಕೇಳುಗರಿಗೆ ಫಾರ್ವರ್ಡ್ ಆಗಲಿ. ಯಾರ ಸ್ವಂತ ನಂಬರೂ ಹೊರಗೆ ಹೋಗಬಾರದು.

ಒಂದು ರಾತ್ರಿಯನ್ನೇ ನೋಡಿ. ಜುಲೈ, ಶನಿವಾರ. ಪಟ್ಟಿಯಲ್ಲಿ "ಶನಿ ರಾತ್ರಿ 10 – ಭಾನು ನಸುಕು 2" ಅಂತ ಎರಡೂ ದಿನ ಬರೆದಿದೆ. ಬರೀ ತಾರೀಖು ಹಾಕಿದರೆ ಯಾರಾದರೊಬ್ಬರು ಭಾನುವಾರ ರಾತ್ರಿಗೆ ಬಂದು ಕೂರುತ್ತಾರೆ, ಗ್ಯಾರಂಟಿ. 9:30ಕ್ಕೆ ಇಬ್ಬರೂ ಗ್ರೂಪ್‌ನಲ್ಲಿ "ಬಂದೆ" ಅಂತ ಹಾಕಬೇಕು. ಕುಶಾಲನಗರದವರು ಹಾಕಿದರು. ನಾಪೋಕ್ಲಿನವರದು ಇಲ್ಲ. 9:40ಕ್ಕೆ ಬ್ಯಾಕಪ್ ಫೋನ್ ಮಾಡುತ್ತಾರೆ, ಸ್ವಿಚ್ಡ್ ಆಫ್. ಐದು ನಿಮಿಷ ಬಿಟ್ಟು ಇನ್ನೊಮ್ಮೆ, ಅಷ್ಟೇ. 9:45ಕ್ಕೆ ಬ್ಯಾಕಪ್ ತಾವೇ ಕೂರುತ್ತಾರೆ, ಫಾರ್ವರ್ಡ್ ನಂಬರ್ ಬದಲಾಯಿಸುತ್ತಾರೆ, ಮೈಸೂರಿನ ಎರಡನೆಯವರಿಗೆ ಫೋನ್ ಮಾಡಿ "ಇವತ್ತು ಮೇಲುಸ್ತುವಾರಿ ನಿಮ್ಮದು" ಅನ್ನುತ್ತಾರೆ. 10ಕ್ಕೆ ಲೈನ್ ತೆರೆದಾಗ ಇಬ್ಬರು ಕೇಳುಗರು, ಮೇಲೊಬ್ಬರು, ಎಲ್ಲ ಸರಿ. 11ಕ್ಕೆ ನಾಪೋಕ್ಲಿನವರಿಗೆ ಕರೆಂಟ್ ಬಂತು ಅಂದರೂ ಅವತ್ತು ಅವರು ಮಲಗಲಿ. ಮಧ್ಯದಲ್ಲಿ ಮತ್ತೆ ಬದಲಾಯಿಸೋಕೆ ಹೋದರೆ ಯಾರ ಫೋನಿಗೆ ಕರೆ ಹೋಗುತ್ತಿದೆ ಅನ್ನೋದೇ ಗೊಂದಲವಾಗುತ್ತೆ. ಎರಡನೆಯವರೂ ಸಿಗದಿದ್ದರೆ ಆ ರಾತ್ರಿ ಲೈನ್ ತೆರೆಯಬಾರದು. ಆ ತೀರ್ಮಾನ ಬ್ಯಾಕಪ್‌ನವರದು, ಕೇಳುಗರ ತಲೆಗೆ ಕಟ್ಟಬೇಡಿ.

ತರಬೇತಿ ಆದವರೇ ಕುರ್ಚಿಯಲ್ಲಿದ್ದಾರಾ ಅಂತ ಶೀಟ್‌ನಲ್ಲೇ ಗೊತ್ತಾಗಬೇಕು. ಹೊಸಬರು ಮೂರನೆಯವರಾಗಿ ಕೂತು ಕಲಿಯಲಿ, ಅವರ ಹೆಸರು ಬೇರೆ ಕಾಲಂನಲ್ಲಿ. Trained ಅನ್ನೋ ಶೀಟ್‌ನಲ್ಲಿ ತರಬೇತಿ ಮುಗಿದವರ ಹೆಸರು ಹಾಕಿ, C ಮತ್ತು D ಕೇಳುಗರ ಕಾಲಂ ಆದರೆ ಪ್ರತಿ ಸಾಲಿನ ಕೊನೆಗೆ ಇದು:

```
=SUMPRODUCT(COUNTIF(Trained!$A$2:$A$60,C2:D2))
```

2 ಬರಬೇಕು. 1 ಬಂದರೆ ಒಂದು ಕುರ್ಚಿ ಖಾಲಿ, ಇಲ್ಲ ಹೊಸಬರು ನುಗ್ಗಿದ್ದಾರೆ, ಇಲ್ಲ ಹೆಸರಿನ ಸ್ಪೆಲ್ಲಿಂಗ್ ತಪ್ಪಾಗಿದೆ. ಒಬ್ಬರದೇ ಹೆಸರು ಎರಡೂ ಕಡೆ ಬಿದ್ದರೂ 2 ತೋರಿಸುತ್ತೆ, ಅದನ್ನು ಕಣ್ಣಿನಲ್ಲೇ ಹಿಡಿಯಬೇಕು.

ಪಟ್ಟಿ ನಾಲ್ಕು ವಾರದ್ದಾದರೂ ಹಬ್ಬದ ದಿನಗಳನ್ನು ವರ್ಷದ ಆರಂಭದಲ್ಲೇ ಗುರುತು ಮಾಡಿಡಿ. ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣ, ಪುತ್ತರಿ. ಆ ರಾತ್ರಿಗಳಿಗೆ ಕೊಡವರಲ್ಲದವರನ್ನು ಮೊದಲು ಕೇಳಿ, ಯುಗಾದಿಗೆ, ಈದ್‌ಗೆ, ಕ್ರಿಸ್‌ಮಸ್‌ಗೆ ಅದೇ ರೀತಿ ಉಳಿದವರನ್ನು. ಹಬ್ಬಕ್ಕಿಂತ ಕಷ್ಟ ತೋಟದ ಕೆಲಸದ್ದು. ಕಾಫಿ ಕೊಯ್ಲು ಶುರುವಾದರೆ ತೋಟದವರು ಬೆಳಗ್ಗೆ ಬೇಗ ಏಳಬೇಕು. ಆಮೇಲೆ ಫೆಬ್ರವರಿ, ಮಾರ್ಚ್‌ನಲ್ಲಿ ಹೂ ಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಓಡಿಸಬೇಕು, ಕರೆಂಟ್ ಇದ್ದಾಗ ರಾತ್ರಿಯೂ ಪಂಪ್ ಹತ್ತಿರ ನಿಂತಿರುತ್ತಾರೆ. ಆ ತಿಂಗಳುಗಳಲ್ಲಿ ತೋಟದವರಿಗೆ ಎರಡು ವಾರಕ್ಕೊಂದೇ ಪಾಳಿ ಹಾಕಿ, ಟೀಚರ್‌ಗಳು, ಬ್ಯಾಂಕಿನವರು, ಪಟ್ಟಣದವರು ಕೈಜೋಡಿಸಲಿ. ಮಳೆಗಾಲದಲ್ಲಿ ತೋಟದವರು ಆ ಬಾಕಿ ತೀರಿಸುತ್ತಾರೆ.

ಬದಲಿ ಬೇಕಾದವರು ತಾವೇ ಇನ್ನೊಬ್ಬರನ್ನು ಹುಡುಕಲಿ ಅಂತ ಕೆಲವರು ಮಾಡುತ್ತಾರೆ. ನನಗೆ ಇಷ್ಟವಿಲ್ಲ. ಹುಷಾರಿಲ್ಲದವರು ಹತ್ತು ಜನಕ್ಕೆ ಫೋನ್ ಮಾಡುವ ಬದಲು ಹಾಗೇ ಕೂತುಬಿಡುತ್ತಾರೆ, ಅಂಥ ಕೇಳುಗರು ಕರೆ ಮಾಡಿದವರಿಗೂ ಒಳ್ಳೇದಲ್ಲ. ಎರಡು ದಿನ ಮುಂಚೆ ಹೇಳಿದರೆ ಪಟ್ಟಿ ನೋಡಿಕೊಳ್ಳುವವರು ಹುಡುಕಲಿ, ಕೈಯಲ್ಲಿರುವ ಆ ಐದು ಪಾಳಿ ಇರೋದೇ ಅದಕ್ಕೆ. ಅವತ್ತೇ ಹೇಳಿದರೆ ಸೀದಾ ಬ್ಯಾಕಪ್.

ಎರಡನೇ ಪಾಳಿಯನ್ನು ಕೇಳುಗರು 35 ಮುಟ್ಟುವ ತನಕ ಎಲ್ಲ ದಿನಕ್ಕೂ ತೆರೆಯಬೇಡಿ. 25 ಆದಾಗ ಶುಕ್ರವಾರ, ಶನಿವಾರ ಮಾತ್ರ 2ರಿಂದ 6ಕ್ಕೆ ಹಾಕಿ ನೋಡಬಹುದು. ಆಗ ಮೊದಲ ಪಾಳಿಯವರು ಕೊನೆಯ 15 ನಿಮಿಷ ಹೊಸ ಕರೆ ತೆಗೆದುಕೊಳ್ಳಬಾರದು, ಎರಡನೆಯವರು 1:45ಕ್ಕೇ ಬಂದು ಕೂತಿರಬೇಕು. ನಡೆಯುತ್ತಿರುವ ಕರೆಯನ್ನು ಮಾತ್ರ ಮಧ್ಯದಲ್ಲಿ ದಾಟಿಸಬೇಡಿ, 2:20 ಆದರೂ ಶುರು ಮಾಡಿದವರೇ ಮುಗಿಸಲಿ. ಆ ಎರಡು ದಿನಕ್ಕೆ ಎರಡನೇ ಪಾಳಿಯ ಬ್ಯಾಕಪ್ ಬೇರೆಯವರೇ ಆಗಬೇಕು. 10 ಗಂಟೆಯಿಂದ ಎದ್ದಿದ್ದವರನ್ನೇ 6ರ ತನಕ ಎಳೆಯುವ ಹಾಗಿದ್ದರೆ ಇನ್ನೂ ಒಂದಷ್ಟು ದಿನ ತಡೆಯಿರಿ.