ಮೂರು ಪ್ಯಾನೆಲ್, 150 ವೋಲ್ಟ್‌ನ ಕಂಟ್ರೋಲರ್: ಸೀರೀಸ್ ಏಕೆ ಬೇಡ

ಪ್ರಶ್ನೆ: ಮೂಡಿಗೆರೆ ಹತ್ತಿರದ ತೋಟದ ಮನೆಗೆ 540 ವ್ಯಾಟ್‌ನ ಮೂರು ಸೋಲಾರ್ ಪ್ಯಾನೆಲ್ ತಂದಿದ್ದೇನೆ. ಬ್ಯಾಟರಿ 24 ವೋಲ್ಟ್, ಎಂಪಿಪಿಟಿ ಕಂಟ್ರೋಲರ್ 150 ವೋಲ್ಟ್, 60 ಆಂಪಿಯರ್. ಒಂದು ಪ್ಯಾನೆಲ್‌ನ Voc, ಅಂದರೆ ಕರೆಂಟ್ ಎಳೆಯದಿದ್ದಾಗಿನ ವೋಲ್ಟೇಜ್, 49.5. ಮೂರನ್ನೂ ಸೀರೀಸ್‌ನಲ್ಲಿ ಜೋಡಿಸಿದರೆ 148.5. ಮಿತಿಯೊಳಗೇ ಇದೆಯಲ್ಲ, ಜೋಡಿಸಲೇ?

ದಯವಿಟ್ಟು ಜೋಡಿಸಬೇಡಿ. ಆ 49.5 ಪ್ಯಾನೆಲ್ 25 ಡಿಗ್ರಿಯಲ್ಲಿದ್ದಾಗಿನ ಲೆಕ್ಕ. ಪ್ಯಾನೆಲ್ ತಣ್ಣಗಾದಷ್ಟೂ ವೋಲ್ಟೇಜ್ ಏರುತ್ತದೆ. ಈ ಬಗೆಯ ಪ್ಯಾನೆಲ್‌ನಲ್ಲಿ ಪ್ರತಿ ಡಿಗ್ರಿಗೆ ಸುಮಾರು ಶೇ 0.27ರಷ್ಟು, ನಿಮ್ಮದರ ನಿಖರ ಅಂಕಿ ಡೇಟಾಶೀಟ್‌ನಲ್ಲಿರುತ್ತದೆ. ಡಿಸೆಂಬರ್ ಬೆಳಗ್ಗೆ 10 ಡಿಗ್ರಿ ಎಂದುಕೊಳ್ಳಿ. 15 ಡಿಗ್ರಿ ಇಳಿತಕ್ಕೆ ಶೇ 4ರಷ್ಟು ಏರಿಕೆ, ಅಂದರೆ 154 ವೋಲ್ಟ್ ದಾಟಿತು.

ಇದನ್ನು ನಾನು ನಷ್ಟ ಅನುಭವಿಸಿಯೇ ಕಲಿತೆ. ಸ್ನೇಹಿತರೊಬ್ಬರ ಕಾಫಿ ತೋಟದಲ್ಲಿ ಇಂಥವೇ ಎರಡು ಪ್ಯಾನೆಲ್‌ಗಳನ್ನು ಸೀರೀಸ್ ಮಾಡಿ, 99 ಆಯಿತೆಂದು 100 ವೋಲ್ಟ್‌ನ ಕಂಟ್ರೋಲರ್‌ಗೆ ಕೊಟ್ಟಿದ್ದೆ. ಮಳೆಗಾಲವಿಡೀ ಚೆನ್ನಾಗಿತ್ತು. ಚಳಿ ಬಿದ್ದ ಮೇಲೆ ಒಂದು ಬೆಳಗ್ಗೆ ಡಿಸ್‌ಪ್ಲೇ ಕಪ್ಪಾಗಿತ್ತು, ಮುಚ್ಚಳ ತೆರೆದರೆ ಸುಟ್ಟ ವಾಸನೆ. ರಾತ್ರಿಯಿಡೀ ಇಬ್ಬನಿಯಲ್ಲಿ ತಣ್ಣಗಾದ ಪ್ಯಾನೆಲ್ ಬಿಸಿಯೇರುವ ಮೊದಲೇ ಎಳೆ ಬಿಸಿಲಿಗೆ ಪೂರ್ತಿ ವೋಲ್ಟೇಜ್ ಕೊಟ್ಟುಬಿಡುತ್ತದೆ. ಬ್ಯಾಟರಿ ತುಂಬಿ ಕಂಟ್ರೋಲರ್ ಕರೆಂಟ್ ಎಳೆಯದೆ ಇದ್ದರೆ ಅದು ಕೆಳಗಿಳಿಯುವುದೂ ಇಲ್ಲ. ಹೆಚ್ಚು ಕರೆಂಟ್ ಬಂದರೆ ಕಂಟ್ರೋಲರ್ ತಡೆದುಕೊಳ್ಳುತ್ತದೆ. ಹೆಚ್ಚು ವೋಲ್ಟೇಜ್ ಅದರ ಒಳಗಿನ ಬಿಡಿಭಾಗಗಳನ್ನೇ ಸುಡುತ್ತದೆ.

ನಿಮಗೆ ಸರಿಹೊಂದುವುದು ಮೂರನ್ನೂ ಪ್ಯಾರಲಲ್ ಮಾಡುವುದು. ಈಗ ಲೆಕ್ಕವನ್ನು ಬಿಸಿಲಿನ ಕಡೆಯಿಂದ ನೋಡಬೇಕು. ಕೆಲಸ ಮಾಡುವಾಗಿನ ವೋಲ್ಟೇಜ್, ಲೇಬಲ್‌ನ Vmp, ಸುಮಾರು 41.6. ಏಪ್ರಿಲ್ ಮಧ್ಯಾಹ್ನ ಪ್ಯಾನೆಲ್ 65 ಡಿಗ್ರಿಗೆ ಕಾದರೆ ಅದು 36ರ ಆಸುಪಾಸಿಗೆ ಇಳಿಯುತ್ತದೆ. ಬ್ಯಾಟರಿ ತುಂಬಲು 29 ವೋಲ್ಟ್ ಸಾಕು, ಆದ್ದರಿಂದ ತೊಂದರೆಯಿಲ್ಲ.

ಪ್ಯಾರಲಲ್‌ನಲ್ಲಿ ಬೆಲೆ ತೆರಬೇಕಾದದ್ದು ತಂತಿಗೆ. ಮೂರೂ ಸೇರಿ 39 ಆಂಪಿಯರ್ ಹರಿಯುತ್ತದೆ. ಛಾವಣಿಯಿಂದ ಕಂಟ್ರೋಲರ್‌ಗೆ 10 ಮೀಟರ್ ಇದ್ದರೆ 16 ಚದರ ಮಿಲಿಮೀಟರ್‌ನ ತಾಮ್ರದ ಕೇಬಲ್ ಹಾಕಿ. ಹೋಗಿಬರುವ 20 ಮೀಟರ್‌ನಲ್ಲಿ ಒಂದು ವೋಲ್ಟ್‌ನೊಳಗೆ ನಷ್ಟ ಮುಗಿಯುತ್ತದೆ.

ಇನ್ನೊಂದು, ಮೂರು ಪ್ಯಾನೆಲ್ ಪ್ಯಾರಲಲ್ ಮಾಡುವಾಗ ಒಂದೊಂದಕ್ಕೂ ಡಿಸಿ ಫ್ಯೂಸ್ ಬೇಕೇ ಬೇಕು. ಒಂದರಲ್ಲಿ ಶಾರ್ಟ್ ಆದರೆ ಉಳಿದೆರಡರ ಕರೆಂಟ್, ಸುಮಾರು 27 ಆಂಪಿಯರ್, ಅದರೊಳಕ್ಕೆ ನುಗ್ಗುತ್ತದೆ. ಇಂಥ ಪ್ಯಾನೆಲ್‌ಗಳ ಲೇಬಲ್ ಸಾಮಾನ್ಯವಾಗಿ 25ರ ಫ್ಯೂಸ್‌ವರೆಗೆ ಮಾತ್ರ ಅನುಮತಿಸುತ್ತದೆ. ಮನೆಯ ಎಸಿ ಫ್ಯೂಸ್ ಹಾಕಬೇಡಿ, ಡಿಸಿಯ ಕಿಡಿಯನ್ನು ಅದು ಆರಿಸುವುದಿಲ್ಲ.

ಕಂಟ್ರೋಲರ್‌ಗೆ ಮೊದಲು ಬ್ಯಾಟರಿ, ಕೊನೆಗೆ ಪ್ಯಾನೆಲ್. ಪ್ಯಾನೆಲ್‌ನ ಎರಡು ತುದಿ ಕೊಡುವ ಮುನ್ನ ಚಳಿಯ ಬೆಳಗ್ಗೆಯೇ ಮಲ್ಟಿಮೀಟರ್ ಇಟ್ಟು ನೋಡಿ, 52 ವೋಲ್ಟ್‌ನ ಆಸುಪಾಸು ಬರಬೇಕು. ನೂರು ದಾಟಿದರೆ ಎಲ್ಲೋ ಕನೆಕ್ಟರ್‌ಗಳು ಸೀರೀಸ್‌ನಲ್ಲೇ ಸಿಕ್ಕಿಕೊಂಡಿವೆ.