ಒಂಬತ್ತನೇ ಕ್ಲಾಸಿನ ಹುಡುಗನಿಗೆ ‘ಫಂಡ್ರಿ’

ಪ್ರಶ್ನೆ: ನಾವು ಬೆಳಗಾವಿಯವರು. ಮಗ ಒಂಬತ್ತನೇ ಕ್ಲಾಸು. ಮಕ್ಕಳ ಸಿನಿಮಾ ಹಚ್ಚಿದರೆ “ಮತ್ತ ಉಪದೇಶ” ಅಂತ ಎದ್ದು ಹೋಗ್ತಾನೆ. ಅವನ ವಯಸ್ಸಿನ ಬಗ್ಗೆ ಖರೇ ಅನ್ನಿಸೋ ಸಿನಿಮಾ ಇದ್ದರೆ ಹೇಳಿ. ಮರಾಠಿ, ಹಿಂದಿ ನಡೀತದೆ.

ಮರಾಠಿ ನಡೀತೈತಿ ಅಂದ್ರ ‘ಫಂಡ್ರಿ’ ಹಚ್ಚಿ ಕೊಡ್ರಿ. ನಾಗರಾಜ ಮಂಜುಳೆಯವರ ಮೊದಲನೇ ದೊಡ್ಡ ಸಿನಿಮಾ, ಥಿಯೇಟರಿಗೆ ಬಂದದ್ದು 2014ರಾಗ. ಹಳ್ಳಿ ಮಾತು ಅಲ್ಲಲ್ಲಿ ತಪ್ಪಿದ್ರೂ ಕತಿ ತಪ್ಪೂದಿಲ್ಲ.

ಜಬ್ಯಾ ಅಂತ ಹುಡುಗ, ಊರು ಕೀಳಾಗಿ ಕಾಣೂ ಕೈಕಾಡಿ ಜಾತಿಯ ಮನೆತನ. ಊರಾಗ ಹಂದಿ ಹಿಡೀಬೇಕಂದ್ರ ಇವರಿಗೇ ಕರೀ ಬರ್ತೈತಿ. ಕ್ಲಾಸಿನ ಶಾಲೂ ಮ್ಯಾಲ ಜಬ್ಯಾನ ಮನಸ್ಸು. ಕರೀ ಗುಬ್ಬಿ ಸುಟ್ಟ ಬೂದಿ ಆಕಿ ಮ್ಯಾಲ ಬಿದ್ರ ಒಲೀತಾಳ ಅನ್ನೋ ಮಾತು ನಂಬಿ ಗೆಳೆಯನ ಜೋಡಿ ಕವಣಿ ಹಿಡಕೊಂಡು ತಿರಗತಾನ. ಜಾತ್ರ್ಯಾಗ ಕುಣೀಬೇಕಂದಾವನ ತಲಿ ಮ್ಯಾಲ ಗ್ಯಾಸ್ ದೀಪ ಹೊರಸ್ತಾರ. ಮರುದಿನ ಹಂದಿ ಹಿಡಿಯೂದು, ಅದೂ ಸಾಲಿ ಪಕ್ಕದಾಗ.

ನನಗ ಸಿನಿಮಾ ಅಂದ್ರ ಅದೇ ಭಾಗ. ಕ್ಲಾಸಿನ ಹುಡುಗರು ನಿಂತು ನಗಾಕತ್ತಾರ, ಶಾಲೂನೂ ಅದರಾಗ ಅದಾಳ. ಜಬ್ಯಾ ಅಡಗಿ ಕುಂದರ್ತಾನ. ಅಪ್ಪನ ಬಗ್ಗೆ ಆಂವಗ ನಾಚಿಕಿ, ಅದನ್ನ ಸಿನಿಮಾ ಮುಚ್ಚೂದಿಲ್ಲ, ಬೈಯೂದೂ ಇಲ್ಲ. ಅಪ್ಪ ಹುಡುಕಿ ಬಂದು ಹೊಡೀತಾನ, ಆದ್ರ ಆಂವಾ ಕೆಟ್ಟಾಂವ ಅಲ್ಲ, ಮಗಳ ಲಗ್ನಕ್ಕ ರೊಕ್ಕ ಬೇಕಾಗೈತಿ. ಹಂದಿ ಇನ್ನೇನು ಸಿಕ್ಕಿತು ಅನ್ನೂವಾಗ ಸಾಲ್ಯಾಗ ರಾಷ್ಟ್ರಗೀತೆ ಶುರು. ಎಲ್ಲಾರೂ ನಿಂತಲ್ಲೇ ನಿಲ್ತಾರ, ಹಂದಿ ಆರಾಮ ಹೋಗ್ತೈತಿ. ನಗು ಬರ್ತೈತಿ, ಬಂದ ಮ್ಯಾಲ ಸಂಕಟ ಆಗ್ತೈತಿ. ಕಡೀಕ ಜಬ್ಯಾ ಒಗದ ಕಲ್ಲು ಸೀದಾ ಕ್ಯಾಮೆರಾಕ್ಕ ಬರ್ತೈತಿ, ಅಷ್ಟಕ್ಕ ಮುಗೀತು. ಮಾಸ್ತರ ಬಂದು ಸಮಾನತೆ ಬಗ್ಗೆ ಭಾಷಣ ಮಾಡೂದಿಲ್ಲ, ಊರವರು ಕಣ್ಣೀರು ಹಾಕಿ ಬದಲಾಗೂದಿಲ್ಲ.

ಬ್ಯಾರೆ ಸಿನಿಮಾನೂ ಹಿಂಗ ಅಳೀರಿ: ಮೊದಲು ನೀವೊಬ್ಬರೇ ಕಡೀ ಹತ್ತು ನಿಮಿಷ ನೋಡ್ರಿ. ಅಲ್ಲಿ ಮಾತಾಡಾವರು ಬರೇ ದೊಡ್ಡವರಾಗಿದ್ರ, ಹುಡುಗ ತಲಿ ತಗ್ಗಿಸಿ ಕೇಳಾಕತ್ತಿದ್ರ, ನಿಮ್ಮ ಮಗ ಎದ್ದು ಹೋಗೂದು ಖಾತ್ರಿ.

‘ಫಂಡ್ರಿ’ ಮೊದಲರ್ಧ ಸಾವಕಾಶ ಹೋಗ್ತೈತಿ, ಬೈಗಳಾನೂ ಅದಾವು. ಅಜ್ಜಿ ಪಕ್ಕ ಕುಂತು ನೋಡೂ ಸಿನಿಮಾ ಅಲ್ಲ. ಇದು ಭಾರ ಅನಿಸಿದ್ರ ಅವಿನಾಶ ಅರುಣ್ ಅವರ ‘ಕಿಲ್ಲಾ’ ಹಗುರ ಐತಿ: ಅಪ್ಪ ತೀರಿದ ಮ್ಯಾಲ ಅವ್ವನ ವರ್ಗಾವಣೆ ಅಂತ ಕೊಂಕಣಕ್ಕ ಬಂದ ಹುಡುಗ, ಹೊಸಾ ಗೆಳೆಯರು, ಮಳಿ. ಕನ್ನಡದಾಗ ಪೃಥ್ವಿ ಕೊಣನೂರರ ‘ಹದಿನೇಳೆಂಟು’ ಭಾಳ ಚಲೋ. ಆದ್ರ ಅದರಾಗ ಪಿಯು ಹುಡುಗ-ಹುಡುಗಿಯ ಖಾಸಗಿ ವಿಡಿಯೊ ಹೊರಗ ಹೋಗಿ ಕಾಲೇಜು ವಿಚಾರಣೆ ನಡಸ್ತೈತಿ, ಹಿಂಗಾಗಿ ಇನ್ನೆರಡು ವರ್ಷ ಬಿಟ್ಟು ತೋರಿಸ್ರಿ. ಯಾವುದೇ ಹಚ್ಚಿದ್ರೂ, ಮುಗಿದ ಕೂಡ್ಲೆ “ಏನ್ ಕಲತಿ?” ಅಂತ ಮಾತ್ರ ಕೇಳಬ್ಯಾಡ್ರಿ.